ದರಕು ಗುಡಿಸಿ ಬಂದ ಆರನೇ ದಿನದ ಜ್ವರ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಜನವರಿ 28ರಂದು ನಮ್ಮ ಮನೆಯವರು ಸೊಪ್ಪಿನಬೆಟ್ಟಕ್ಕೆ ದರಕು, ಎಂದರೆ ಕೊಟ್ಟಿಗೆಗೆ ಹಾಸುವ ತರಗೆಲೆ, ಗುಡಿಸಲು ಹೋಗಿದ್ದರು. ಸಂಜೆ ಮೈಮೇಲೆ ನಾಲ್ಕೈದು ಉಣುಗು ಸಿಕ್ಕಿದವು, ಕಿತ್ತು ಹಾಕಿದೆವು. ಫೆಬ್ರವರಿ 3ರಂದು ಚಳಿ ಹಿಡಿದು ಜ್ವರ ಬಂತು, ಇವತ್ತಿಗೆ ಮೂರು ದಿನ. ಮೆಡಿಕಲ್ ಶಾಪಿನಿಂದ ಮೈಕೈ ನೋವಿನ ಮಾತ್ರೆ ತಂದು ಕೊಡುತ್ತಿದ್ದೇನೆ. ಊರಲ್ಲಿ ಮಂಗ ಸತ್ತ ಸುದ್ದಿ ಇಲ್ಲ, ರಕ್ತವೂ ಬಂದಿಲ್ಲ. ರಕ್ತ ಕಂಡ ಮೇಲೆ ಆಸ್ಪತ್ರೆಗೆ ಹೋದರೆ ಸಾಕೇ? ಇನ್ನೂ ಎಂಟು ದಿನದ ದರಕಿನ ಕೆಲಸ ಬಾಕಿ ಇದೆ, ಮನೆಯ ಉಳಿದವರು ಹೋಗುವುದಾದರೆ ಏನು ಎಚ್ಚರ ಬೇಕು?

ಉತ್ತರ: ಸಾಲದು. ಇವತ್ತೇ ಹೊರಡಿ. ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರವಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ನೇರ ತಾಲ್ಲೂಕು ಆಸ್ಪತ್ರೆಗೆ. ಡಾಕ್ಟರ ಮುಂದೆ ಕೂತ ಕೂಡಲೇ ಹೇಳಬೇಕಾದ ಮಾತು ಒಂದೇ: "28ಕ್ಕೆ ಬೆಟ್ಟಕ್ಕೆ ಹೋಗಿದ್ದರು, ಉಣುಗು ಕಚ್ಚಿತ್ತು, 3ಕ್ಕೆ ಜ್ವರ ಶುರುವಾಯಿತು." ಜ್ವರ ಎಂದಷ್ಟೇ ಹೇಳಿದರೆ ಮಾತ್ರೆ ಬರೆದು ಕಳಿಸುವ ಸಾಧ್ಯತೆ ಇದೆ. ಈ ಎರಡು ತಾರೀಕು ಹೇಳಿದರೆ ಮಲೆನಾಡಿನಲ್ಲಿ ಕೆಲಸ ಮಾಡಿದ ಯಾವ ಡಾಕ್ಟರಾದರೂ ಉಣುಗು ಕಚ್ಚಿ ಬರುವ ವೈರಸ್ ಜ್ವರವಾದ ಮಂಗನ ಕಾಯಿಲೆಯನ್ನೇ ಮೊದಲು ನೆನೆಯುತ್ತಾರೆ.

ಹೊರಡುವ ಮೊದಲು ಆ ನೋವಿನ ಮಾತ್ರೆಯ ಹಾಳೆಯನ್ನು ತಿರುಗಿಸಿ ಹಿಂಬದಿ ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್, ಇವುಗಳಲ್ಲಿ ಯಾವ ಹೆಸರಿದ್ದರೂ ಇನ್ನು ಒಂದನ್ನೂ ಕೊಡಬೇಡಿ. ಅಂಗಡಿಯಲ್ಲಿ "ಮೈಕೈ ನೋವಿಗೆ" ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆ. ಪ್ಯಾರಸಿಟಮಾಲ್ ಎಂಬ ಹೆಸರೂ ಅದರ ಮೇಲೆ ಇರುವುದರಿಂದ ಜನ ಧೈರ್ಯವಾಗಿ ನುಂಗುತ್ತಾರೆ. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಹೇಗೂ ಕಡಿಮೆಯಾಗುತ್ತಿರುತ್ತವೆ. ಈ ಮಾತ್ರೆಗಳು ಉಳಿದ ಕಣಗಳ ಕೆಲಸವನ್ನೂ ಕೆಡಿಸಿ, ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ. ಜ್ವರಕ್ಕೆ ಬರೀ ಪ್ಯಾರಸಿಟಮಾಲ್ ಸಾಕು: ದೊಡ್ಡವರಿಗೆ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಕಾಯಿಲೆ ಯಕೃತ್ತನ್ನೂ ತಾಕುವುದರಿಂದ ಆ ಮಿತಿ ದಾಟಬಾರದು. ಸೊಂಟಕ್ಕೆ ಚುಚ್ಚುವ ನೋವಿನ ಇಂಜೆಕ್ಷನ್ ಬೇಡವೇ ಬೇಡ. ಮಾಂಸಖಂಡದೊಳಗೆ ರಕ್ತ ಕಟ್ಟಿಕೊಂಡು ಗಂಟಾದವರನ್ನು ನಾನು ನೋಡಿದ್ದೇನೆ. ಹೃದಯದ ತೊಂದರೆಗೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರಾಗಿದ್ದರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ, ಅವರು ತೀರ್ಮಾನಿಸುತ್ತಾರೆ.

ಈಗ ನೀವು ಕೊಟ್ಟ ತಾರೀಕುಗಳನ್ನೇ ಇಟ್ಟುಕೊಂಡು ಮಾತಾಡೋಣ. ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ನಿಮ್ಮ ಯಜಮಾನರದ್ದು ಆರನೇ ದಿನ, ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಈ ಜ್ವರ ಮೆಲ್ಲಗೆ ಏರುವುದಿಲ್ಲ. ಬೆಳಿಗ್ಗೆ ಹಾಲು ಕರೆದವರು ಮಧ್ಯಾಹ್ನ ಎರಡು ಕಂಬಳಿ ಹೊದ್ದು ನಡುಗುತ್ತಾರೆ. 103, 104 ಡಿಗ್ರಿ, ಹಣೆ ಸಿಡಿಯುವಷ್ಟು ತಲೆನೋವು, ಕುತ್ತಿಗೆ, ಸೊಂಟ ಮತ್ತು ಮೀನಖಂಡದಲ್ಲಿ ಮುಟ್ಟಲು ಬಿಡದಂಥ ನೋವು. ಕಣ್ಣು ಕೆಂಪಾಗಿರುತ್ತದೆ, ಆದರೆ ಪಿಸುರು ಇರುವುದಿಲ್ಲ. ವಾಂತಿ, ಭೇದಿ ಅನೇಕರಿಗೆ ಇರುತ್ತದೆ. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಅಂಗುಳಿನ ಹಿಂಭಾಗದಲ್ಲಿ ಸಣ್ಣ ಕೆಂಪು ಗುಳ್ಳೆಗಳು ಕೆಲವರಲ್ಲಿ ಕಾಣುತ್ತವೆ. ಮನೆಯವರು ತಪ್ಪದೇ ಹೇಳುವ ಇನ್ನೊಂದು ವಿಷಯವೆಂದರೆ ಸುಸ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದಂಥ ಸುಸ್ತು.

ರಕ್ತಸ್ರಾವ ಆಗುವುದಿದ್ದರೆ ಅದು ಕಾಣಿಸಿಕೊಳ್ಳುವುದು ಜ್ವರದ ಮೂರನೇ, ನಾಲ್ಕನೇ ದಿನದಿಂದ. ಎಂದರೆ ನಿಮ್ಮ ಮನೆಯಲ್ಲಿ ಇವತ್ತಿನಿಂದ. ಎಲ್ಲರಿಗೂ ರಕ್ತ ಬರುವುದಿಲ್ಲ, ಬಾರದೆಯೇ ಗುಣವಾಗುವವರೇ ಹೆಚ್ಚು. ಆದರೆ ರಕ್ತ ಹೊರಗೆ ಕಾಣುವ ಹೊತ್ತಿಗೆ ಒಳಗೆ ರಕ್ತದೊತ್ತಡ ಇಳಿದಿರಬಹುದು, ನೀರಿನಂಶ ಬತ್ತಿರಬಹುದು. ನೂರರಲ್ಲಿ ಮೂರರಿಂದ ಐದು ಮಂದಿಯನ್ನು ಬಲಿ ತೆಗೆದುಕೊಳ್ಳುವ ಕಾಯಿಲೆ ಇದು. ರಕ್ತ ಕಂಡಮೇಲೆ ಹೊರಡುವುದು ಎಂದರೆ ಒಂದೆರಡು ದಿನವನ್ನು ಕೈಯಾರೆ ಕಳೆದುಕೊಂಡಂತೆ.

ಅಡಿಕೆ ಕೊನೆ ಕೊಯ್ಯುವ ಒಬ್ಬ ಕೊನೆಗಾರನ ಕತೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯವನು, ಮೂವತ್ತೆಂಟು ವರ್ಷ. ಮರ ಹತ್ತುವ ಕೆಲಸ ಮುಗಿದಿತ್ತು, ಕಾಡಂಚಿನ ತೋಟದಲ್ಲಿ ಸೊಪ್ಪು ಕಡಿದು ಹೊರುತ್ತಿದ್ದ. ಜ್ವರದ ನಾಲ್ಕನೇ ದಿನ ಕರೆತಂದರು. ಅದಕ್ಕೂ ಮೊದಲು ಎರಡು ದಿನ ಯಾರದೋ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಆಗಿತ್ತು, ಅಲ್ಲಿ ಅಂಗೈಯಗಲ ನೀಲಿಗಟ್ಟಿತ್ತು. ರಕ್ತ ಬಂದಿದೆಯೇ ಎಂದು ಕೇಳಿದೆ. ಇಲ್ಲ ಎಂದ. ಬಾಯಿ ನೋಡಿದರೆ ಕವಳದ ಕೆಂಪು. ಜ್ವರದಲ್ಲೂ ಎಲೆ ಅಡಿಕೆ ಬಿಟ್ಟಿರಲಿಲ್ಲ. ಬಾಯಿ ಮುಕ್ಕಳಿಸಿ ಬಾ ಎಂದು ಕಳಿಸಿದೆ. ಮೂರು ಸಲ ಮುಕ್ಕಳಿಸಿದರೂ ನೀರು ತಿಳಿಯಾಗಲಿಲ್ಲ. ಒಸಡಿನ ಅಂಚಿನುದ್ದಕ್ಕೂ ಎಳೆ ಎಳೆಯಾಗಿ ರಕ್ತ ಜಿನುಗುತ್ತಿತ್ತು. ಆಗ ಅವನ ಹೆಂಡತಿ ನೆನಪಿಸಿಕೊಂಡು, ಎರಡು ದಿನದಿಂದ ದಿಂಬಿನ ಮೇಲೆ ಕಂದು ಕಲೆ ಇತ್ತು, ಕವಳದ್ದು ಅಂದುಕೊಂಡೆ ಎಂದಳು.

ಅವನ ಜ್ವರ 103 ಇತ್ತು. ಅಷ್ಟು ಜ್ವರಕ್ಕೆ ನಾಡಿ ನಿಮಿಷಕ್ಕೆ ನೂರು ದಾಟಬೇಕು. ಅವನದ್ದು 72. ಜ್ವರ ಏರಿದ್ದರೂ ನಾಡಿ ನಿಧಾನವಾಗಿರುವುದು ಈ ಕಾಯಿಲೆಯ ಒಂದು ಗುರುತು. ರಕ್ತದೊತ್ತಡ 90/60. ಪ್ಲೇಟ್‌ಲೆಟ್ 42 ಸಾವಿರ, ಬಿಳಿ ರಕ್ತಕಣ 2,100. ಎರಡೂ ಒಟ್ಟಿಗೆ ಇಳಿದಿದ್ದವು. ಸಲೈನ್ ಹಾಕಿ, ಒತ್ತಡ ನೋಡುತ್ತಾ, ಮೂತ್ರ ಅಳೆಯುತ್ತಾ ಇಟ್ಟುಕೊಂಡೆವು. ಪರೀಕ್ಷೆಯ ಫಲಿತಾಂಶ ಮಂಗನ ಕಾಯಿಲೆ ಎಂದೇ ಬಂತು. ಒಂಬತ್ತು ದಿನಕ್ಕೆ ಮನೆಗೆ ಹೋದ. ಅವನ ಕತೆ ಅಲ್ಲಿಗೆ ಮುಗಿಯಲಿಲ್ಲ, ಮುಂದೆ ಹೇಳುತ್ತೇನೆ.

ಆದ್ದರಿಂದ ಮೊದಲು ಕವಳ ಬಿಡಿಸಿ. ನೀತಿ ಹೇಳಲು ಅಲ್ಲ, ಒಸಡಿನ ಬಣ್ಣ ಕಾಣಲಿ ಎಂದು. ಬೆಳಿಗ್ಗೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಬಿಳಿ ಬಟ್ಟಲಿಗೋ ಸಿಂಕಿಗೋ ಉಗುಳಿಸಿ ನೋಡಿ. ಬ್ರಷ್ಷು ಬೇಡ, ಬೆರಳು ಸಾಕು. ಮೂಗಿನಿಂದ ಬರುವ ರಕ್ತ ಮಲಗಿದವರಲ್ಲಿ ಹೊರಗೆ ಸುರಿಯದೆ ಗಂಟಲಿಗೆ ಇಳಿಯುತ್ತದೆ. ಅದನ್ನು ನುಂಗುತ್ತಾ ನುಂಗುತ್ತಾ ಹೊಟ್ಟೆ ತೊಳಸಿ ವಾಂತಿಯಾದಾಗಲೇ ಗೊತ್ತಾಗುವುದು. ವಾಂತಿಯಲ್ಲಿ ಕಾಫಿಪುಡಿಯ ಚರಟದಂಥ ಕಂದು ಚೂರು ಕಂಡರೆ ಅದು ಹೊಟ್ಟೆಯೊಳಗಿನ ರಕ್ತ. ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಹೊಡೆದರೆ ಅದೂ ಅದೇ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅಷ್ಟು ಅಂಟಿರುವುದಿಲ್ಲ. ಕಫದಲ್ಲಿ ರಕ್ತ, ಸೂಜಿ ಚುಚ್ಚಿದ ಜಾಗದಲ್ಲಿ ಒರೆಸಿದರೂ ನಿಲ್ಲದ ರಕ್ತ, ಚರ್ಮದ ಮೇಲೆ ಒತ್ತಿದರೂ ಮಾಯವಾಗದ ಸಾಸಿವೆಯಷ್ಟು ಕೆಂಪು ಚುಕ್ಕೆ, ಹೆಂಗಸರಾದರೆ ತಿಂಗಳ ದಿನವಲ್ಲದಾಗ ಹೋಗುವ ಅಥವಾ ಎಂದಿಗಿಂತ ಮೀರಿದ ಮುಟ್ಟು, ಇಷ್ಟನ್ನೂ ನೋಡುತ್ತಿರಬೇಕು.

ರಕ್ತ ಒಂದು ಹನಿ ಕಾಣದಿದ್ದರೂ ಓಡಬೇಕಾದ ಸಂದರ್ಭಗಳಿವೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಕೈಕಾಲು ತಣ್ಣಗಾಗಿ ಬೆವರುವುದು, ಆರೇಳು ಗಂಟೆ ಮೂತ್ರ ಹೋಗದಿರುವುದು, ಮಾತಿಗೆ ಸಂಬಂಧವಿಲ್ಲದ ಉತ್ತರ ಕೊಡುವುದು, ಏನು ಕುಡಿದರೂ ವಾಂತಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ, ದಾರಿಯಲ್ಲಿ ತಲೆ ತಿರುಗಿ ಬಿದ್ದಾರು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನೂ ತಿಳಿದಿರಿ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಹಾಗಾದರೆ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ದೇಹ ಒಂದೆರಡು ವಾರದಲ್ಲಿ ವೈರಸ್ಸನ್ನು ತಾನೇ ಸೋಲಿಸುತ್ತದೆ. ಅಲ್ಲಿಯವರೆಗೆ ರಕ್ತದೊತ್ತಡ ಕುಸಿಯದಂತೆ, ನೀರು ಬತ್ತದಂತೆ, ರಕ್ತ ಹೋದರೆ ತುಂಬಿಕೊಡುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಪ್ಲೇಟ್‌ಲೆಟ್ ಸಂಖ್ಯೆ ನೋಡಿ ಗಾಬರಿಯಾಗಿ "ಒಂದು ಬಾಟಲ್ ಹಾಕಿಬಿಡಿ" ಎಂದು ಒತ್ತಾಯಿಸಬೇಡಿ. ರಕ್ತ ಸೋರುತ್ತಿದ್ದರೆ ಅಥವಾ ಸಂಖ್ಯೆ ತೀರಾ ಕೆಳಗಿಳಿದರೆ ಡಾಕ್ಟರೇ ಹಾಕುತ್ತಾರೆ. ಕುಡಿಯಲು ಆಗುವವರಿಗೆ ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ.

ರಕ್ತ ಪರೀಕ್ಷೆಯಲ್ಲೂ ದಿನದ ಲೆಕ್ಕ ಮುಖ್ಯ. ಜ್ವರದ ಮೊದಲ ವಾರದಲ್ಲಿ ವೈರಸ್ಸೇ ರಕ್ತದಲ್ಲಿ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತದೆ. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ ಐದನೇ ದಿನದ ಹೊತ್ತಿಗೆ ಉಪಯೋಗಕ್ಕೆ ಬರತೊಡಗುತ್ತದೆ. ಮೂರನೇ ದಿನ ಐಜಿಎಂ ಮಾಡಿಸಿ "ನೆಗೆಟಿವ್" ಬಂತೆಂದು ಸುಮ್ಮನಾಗುವಂತಿಲ್ಲ. ನಿಮ್ಮ ಭಾಗದ ಮಾದರಿಗಳು ಶಿವಮೊಗ್ಗದ ವೈರಸ್ ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗುತ್ತವೆ. ಫಲಿತಾಂಶ ಬರುವವರೆಗೆ ಚಿಕಿತ್ಸೆ ಕಾಯುವುದಿಲ್ಲ, ಕಾಯಬಾರದು.

ಇಲ್ಲೊಂದು ಅಡ್ಡಮಾತು, ಆದರೆ ಜೀವ ಉಳಿಸುವ ಮಾತು. ಬೆಟ್ಟಕ್ಕೆ ಹೋಗಿ ಬಂದವರ ಜ್ವರವೆಲ್ಲ ಮಂಗನ ಕಾಯಿಲೆಯಲ್ಲ. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರ ಇದೇ ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ಅದರ ಅನುಮಾನ ಬಲವಾಗುತ್ತದೆ. ಹಕ್ಕಳೆ ಇಲ್ಲದೆಯೂ ಇರಬಹುದು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಲಿ ಜ್ವರಕ್ಕೂ ಆಂಟಿಬಯಾಟಿಕ್ ಇದೆ. ಹಾಗಾಗಿ ಮಂಗನ ಕಾಯಿಲೆಗೆ ಔಷಧಿಯಿಲ್ಲ ಎಂದು ಮನೆಯಲ್ಲೇ ಮಲಗಿಸಿದವರು, ಔಷಧಿ ಇರುವ ಜ್ವರದಿಂದ ಸತ್ತರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಡಾಕ್ಟರು ಇವುಗಳಿಗೂ, ಡೆಂಗಿಗೂ ಒಟ್ಟಿಗೆ ರಕ್ತ ಕಳಿಸಿದರೆ ಸುಮ್ಮನೆ ಖರ್ಚು ಎಂದುಕೊಳ್ಳಬೇಡಿ.

ಮನೆಯಲ್ಲಿ ನಿಮಗೆ ಅಂಟುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಅತ್ತೆಯೋ ನೆರೆಯವರೋ ಕೇಳಿರುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಅವರ ತಟ್ಟೆ, ಲೋಟ ಬೇರೆ ಇಡಬೇಕಿಲ್ಲ, ಪಕ್ಕದಲ್ಲಿ ಕೂತು ಆರೈಕೆ ಮಾಡಬಹುದು. ರಕ್ತ ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ, ಅಷ್ಟೇ.

ಕೊನೆಗಾರನ ಕತೆಯ ಉಳಿದರ್ಧಕ್ಕೆ ಬರುತ್ತೇನೆ. ಮನೆಗೆ ಹೋದ ಹತ್ತು ದಿನ ಚೆನ್ನಾಗಿದ್ದ. ಊಟ ಸೇರುತ್ತಿತ್ತು, ತೋಟದ ಬದಿಗೆ ಹೋಗಿ ಕೂತು ಬರುತ್ತಿದ್ದ. ಹನ್ನೊಂದನೇ ದಿನ ಮತ್ತೆ ಜ್ವರ, ವಿಪರೀತ ತಲೆನೋವು. ಎಲೆಗೆ ಸುಣ್ಣ ಹಚ್ಚಲು ಹೋದರೆ ಬೆರಳು ನಡುಗಿ ಸುಣ್ಣವೆಲ್ಲ ಅಂಗೈಗೆ. ಹೆಂಡತಿ ಈ ಸಲ ಕಾಯಲಿಲ್ಲ, ಅವತ್ತೇ ಕರೆತಂದಳು. ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ, ಬೆಳಕು ಸಹಿಸುತ್ತಿರಲಿಲ್ಲ. ಇದು ಕಾಯಿಲೆಯ ಎರಡನೇ ಸುತ್ತು. ಮೊದಲ ಜ್ವರ ಬಿಟ್ಟು ಒಂದೆರಡು ವಾರದ ನಂತರ, ಸುಮಾರು ಹತ್ತರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಆಗ ಮಿದುಳು ಮತ್ತು ಅದರ ಪೊರೆ ಕೆರಳುವುದರಿಂದ ತಲೆನೋವು, ನಡುಕ, ತಲೆಸುತ್ತು, ಕಣ್ಣು ಮಂಜಾಗುವುದು, ಗೊಂದಲದ ಮಾತು ಕಾಣುತ್ತವೆ. ಅವನು ಎರಡು ವಾರ ಆಸ್ಪತ್ರೆಯಲ್ಲಿದ್ದು ಸರಿಹೋದ. ಆದರೆ ಮರ ಹತ್ತುವಷ್ಟು ಬಲ ಬರಲು ಮಳೆಗಾಲ ಬರಬೇಕಾಯಿತು.

ನಿಮ್ಮ ಯಜಮಾನರ ಜ್ವರ ಫೆಬ್ರವರಿ 12ರ ಸುಮಾರಿಗೆ ಬಿಟ್ಟಿತು ಎಂದುಕೊಳ್ಳೋಣ. ಆಮೇಲೆ ಮಾರ್ಚ್ ಮೊದಲ ವಾರ ದಾಟುವವರೆಗೂ ದಿನಕ್ಕೊಮ್ಮೆ ಜ್ವರ ನೋಡಿ. ಬೆರಳು ನಡುಗುತ್ತದೆಯೇ, ಮಾತು ತೊದಲುತ್ತದೆಯೇ, ಗದ್ದವನ್ನು ಎದೆಗೆ ತಾಗಿಸಲು ಆಗುತ್ತದೆಯೇ ಎಂದು ಗಮನಿಸಿ. ಮನೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗುರುತು ಹಾಕಿಟ್ಟರೆ ಒಳ್ಳೆಯದು. ಆ ದಿನಗಳಲ್ಲಿ ಗಾಡಿ ಓಡಿಸುವುದು, ಮರ ಹತ್ತುವುದು ಬೇಡ.

ಇನ್ನು ಮಂಗ ಸತ್ತಿಲ್ಲ ಎಂಬ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ, ಸುತ್ತಲ ಊರಿನವರಿಗೆ ಜ್ವರ ಬಂದು ಈ ವೈರಸ್ ಮೊದಲು ಪತ್ತೆಯಾಯಿತು. ಹಾಗಾಗಿ ಜನರ ಬಾಯಲ್ಲಿ ಮಂಗನ ಕಾಯಿಲೆ ಎಂದೇ ಉಳಿಯಿತು. ಆದರೆ ಮಂಗವೂ ನಮ್ಮ ಹಾಗೆ ಕಚ್ಚಿಸಿಕೊಂಡು ಕಾಯಿಲೆ ಬೀಳುವ ಪ್ರಾಣಿ. ಮುಷ್ಯ ಮತ್ತು ಕೆಂಪು ಮೋರೆಯ ಮಂಗ ಎರಡೂ ಇದಕ್ಕೆ ಸಾಯುತ್ತವೆ. ವೈರಸ್ ವರ್ಷದಿಂದ ವರ್ಷಕ್ಕೆ ಉಳಿದುಕೊಂಡು ಬರುವುದು ಉಣುಗಿನಲ್ಲಿ, ಮತ್ತೆ ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ಜೊತೆಗಿನ ಅದರ ನಂಟಿನಲ್ಲಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗುಗಳು ಇಳಿದು ಅದೇ ಜಾಗದಲ್ಲಿ ಹರಡುತ್ತವೆ, ಆದ್ದರಿಂದ ಅಲ್ಲಿ ಅಪಾಯ ಹೆಚ್ಚು. ಆದರೆ ಕಾಡಿನೊಳಗೆ ಸತ್ತ ಮಂಗವನ್ನು ಕಂಡವರು ಯಾರು? ನರಿ, ಹದ್ದು ಎರಡೇ ದಿನದಲ್ಲಿ ಮುಗಿಸಿರುತ್ತವೆ. ಮಂಗ ಸತ್ತದ್ದು ಕಂಡರೆ ಎಚ್ಚರಿಕೆಯ ಗಂಟೆ. ಕಾಣದಿದ್ದರೆ ಏನೂ ಹೇಳಿದಂತಾಗಲಿಲ್ಲ. ಕಂಡರೆ ಹತ್ತಿರ ಹೋಗದೆ, ಕೋಲಿನಿಂದಲೂ ತಿರುವದೆ, ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ತಿಳಿಸಿ. ಅವರು ಬಂದು ಮಾದರಿ ತೆಗೆದು, ಸುಟ್ಟು, ಸುತ್ತ ಮ್ಯಾಲಥಿಯಾನ್ ಪುಡಿ ಹಾಕುತ್ತಾರೆ. ಅಲ್ಲಿಗೆ ದನ ಬಿಡಬೇಡಿ, ನೀವೂ ಹೋಗಬೇಡಿ.

ದರಕಿನ ಕೆಲಸವೂ ಉಣುಗಿನ ಸುಗ್ಗಿಯೂ ಒಂದೇ ತಿಂಗಳಿಗೆ ಬರುವುದು ನಮ್ಮ ದುರದೃಷ್ಟ. ಮಳೆಗಾಲದಲ್ಲಿ ದನದ ಮೈಯಲ್ಲಿ ಊದಿಕೊಂಡು ನೇತಾಡುವ ದೊಡ್ಡ ಉಣುಗು ಕೆಳಗೆ ಬಿದ್ದು ಎಲೆಯಡಿ ಮೊಟ್ಟೆ ಇಡುತ್ತದೆ. ಮಳೆ ಬಿಡುವಾಗ ಮರಿಗಳು ಹೊರಬಂದು ಸಣ್ಣ ಪ್ರಾಣಿಗಳ, ಮಂಗಗಳ ರಕ್ತ ಕುಡಿಯುತ್ತವೆ. ವೈರಸ್ ಅವಕ್ಕೆ ಸೇರುವುದು ಆಗಲೇ. ಪೊರೆ ಬಿಟ್ಟು ಎಂಟು ಕಾಲಿನ ಮುಂದಿನ ಹಂತಕ್ಕೆ ಬಂದ ಮೇಲೂ ವೈರಸ್ ಒಳಗೇ ಇರುತ್ತದೆ. ಡಿಸೆಂಬರಿನಿಂದ ಮೇವರೆಗೆ ಮನುಷ್ಯರನ್ನು ಕಚ್ಚುವುದು ಮುಖ್ಯವಾಗಿ ಈ ನಡುಹಂತದ ಉಣುಗು, ಗಸಗಸೆಗಿಂತ ತುಸು ದೊಡ್ಡದು, ಅಷ್ಟೇ. ದನದ ಮೈಮೇಲಿನ ದಪ್ಪ ಉಣುಗನ್ನು ನೋಡಿ ಹೆದರುವವರು ಮೊಣಕಾಲಿನ ಹಿಂದಿನ ಈ ಚುಕ್ಕೆಯನ್ನು ಮಚ್ಚೆ ಅಂದುಕೊಂಡು ಬಿಟ್ಟಿರುತ್ತಾರೆ. ನಿಮಗೆ ನಾಲ್ಕೈದು ಸಿಕ್ಕವು ಎಂದರೆ ಸಿಗದೇ ಉಳಿದವೂ ಇದ್ದಿರಬಹುದು. ಸಿಕ್ಕವನ್ನು ಬೇಗ ಕಿತ್ತಿದ್ದರಿಂದ ವೈರಸ್ ಸೇರಿಲ್ಲ ಎಂದೂ ಹೇಳಲಾಗದು.

ಈ ಸಣ್ಣ ಉಣುಗು ಹಾರುವುದಿಲ್ಲ, ಮರದಿಂದ ಉದುರುವುದಿಲ್ಲ. ನೆಲದ ತರಗೆಲೆಯ ಮೇಲೆ, ಮೊಣಕಾಲೆತ್ತರದ ಗಿಡದ ತುದಿಯಲ್ಲಿ ಕಾಲು ಚಾಚಿ ಕಾಯುತ್ತದೆ. ತಾಗಿದ್ದನ್ನು ಹಿಡಿದು ಮೇಲಕ್ಕೆ ಹತ್ತುತ್ತದೆ. ದರಕು ಗುಡಿಸುವವರು ಬಗ್ಗಿ ಕೆಲಸ ಮಾಡುತ್ತಾರೆ, ತಬ್ಬಿ ಹಗ್ಗದ ಬಲೆಗೆ ತುಂಬುತ್ತಾರೆ, ತಲೆಯ ಮೇಲೆ ಹೊರುತ್ತಾರೆ, ಬುತ್ತಿ ಬಿಚ್ಚುವಾಗ ಅದರ ಮೇಲೇ ಕೂರುತ್ತಾರೆ. ಇದಕ್ಕಿಂತ ಒಳ್ಳೆಯ ಔತಣ ಉಣುಗಿಗೆ ಬೇಕೇ?

ನನ್ನನ್ನು ಕೇಳಿದರೆ, ಮನೆಯಲ್ಲಿ ಒಬ್ಬರು ಈಗಾಗಲೇ ಮಲಗಿರುವಾಗ ಅದೇ ಬೆಟ್ಟಕ್ಕೆ ಈ ವರ್ಷ ಉಳಿದವರು ಹೋಗುವುದು ಬೇಡ. ಕೊಟ್ಟಿಗೆಗೆ ಒಣಹುಲ್ಲೋ ಭತ್ತದ ಹೊಟ್ಟೋ ತರಿಸಿ ಕೆಲಸ ಸಾಗಿಸಿ. ಪರೀಕ್ಷೆಯಲ್ಲಿ ಮಂಗನ ಕಾಯಿಲೆಯೇ ಎಂದು ಬಂದರಂತೂ ಮೇ ಕಳೆದು ಮಳೆ ಹಿಡಿಯುವವರೆಗೆ ಆ ಜಾಗ ಬಿಡಿ. ಆದರೆ ತೋಟದ ಕೆಲಸ ಬಿಟ್ಟು ಬದುಕಲು ಆಗುವುದಿಲ್ಲ ಎಂಬುದು ಗೊತ್ತು. ಹೋಗಲೇಬೇಕಾದವರಿಗೆ ಹೇಳುತ್ತೇನೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಅವರ ಹತ್ತಿರ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಸಿಗುತ್ತದೆ. ಕಾಡಿಗೆ ಕಾಲಿಡುವ ಮೊದಲು, ಮನೆಯಲ್ಲೇ, ಪಾದದಿಂದ ತೊಡೆಯವರೆಗೆ, ಕೈ, ಕುತ್ತಿಗೆ, ಸೊಂಟದ ಸುತ್ತ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯದ ಜಾಗ ಬೇಡ. ಎಳೆಯ ಮಕ್ಕಳಿಗೆ ಹಚ್ಚಬಾರದು. ಜನ ಮಾಡುವ ತಪ್ಪು ಎಂದರೆ ಬೆಳಿಗ್ಗೆ ಏಳಕ್ಕೆ ಹಚ್ಚಿ ಸಂಜೆ ಐದರವರೆಗೆ ಅದೇ ಸಾಕು ಎಂದುಕೊಳ್ಳುವುದು. ಬೆವರಿಗೆ ಅದು ತೊಳೆದುಹೋಗುತ್ತದೆ, ಕೆಲವು ಗಂಟೆಗಳ ಮೇಲೆ ಬಲವೂ ಇರುವುದಿಲ್ಲ. ಸಣ್ಣ ಸೀಸೆಯಲ್ಲಿ ಒಯ್ದು ಮಧ್ಯಾಹ್ನ ಮತ್ತೊಮ್ಮೆ ಹಚ್ಚಿ. ಬುತ್ತಿ ಉಣ್ಣುವ ಮೊದಲು ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಎಣ್ಣೆ ಹಚ್ಚಿದ್ದೇವೆ ಎಂದು ಅರ್ಧ ಚಡ್ಡಿಯಲ್ಲಿ ಹೋಗುವುದೂ ತಪ್ಪು. ತಿಳಿ ಬಣ್ಣದ ಪ್ಯಾಂಟು, ತುಂಬುತೋಳಿನ ಅಂಗಿ. ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಅಂಗಿ ಪ್ಯಾಂಟಿನೊಳಗೆ. ಸೀರೆ ಉಡುವ ಹೆಂಗಸರು ಒಳಗೆ ಪ್ಯಾಂಟೋ ಲೆಗ್ಗಿಂಗ್ಸೋ ಹಾಕಿ ಸಾಕ್ಸಿಗೆ ಸೇರಿಸಿಕೊಳ್ಳಿ. ಗಮ್‌ಬೂಟು ಇದ್ದರೆ ಇನ್ನೂ ಒಳ್ಳೆಯದು. ತಿಳಿ ಬಟ್ಟೆಯ ಲಾಭವೇನೆಂದರೆ ಹತ್ತುತ್ತಿರುವ ಚುಕ್ಕೆ ಕಣ್ಣಿಗೆ ಬೀಳುತ್ತದೆ. ಕೂರಲು ಒಂದು ಪ್ಲಾಸ್ಟಿಕ್ ಹಾಳೆ ಒಯ್ಯಿರಿ, ದರಕಿನ ಮೇಲೆ ಕೂರಬೇಡಿ.

ವಾಪಸು ಬಂದ ಮೇಲಿನ ಅರ್ಧ ಗಂಟೆ ಎಣ್ಣೆಯಷ್ಟೇ ಮುಖ್ಯ. ಬಟ್ಟೆಯನ್ನು ಮನೆಯೊಳಗೆ ತರದೆ ಬಚ್ಚಲ ಹೊರಗೇ ಕಳಚಿ, ಕುದಿಯುವ ನೀರು ಸೋಪಿನಲ್ಲಿ ಮುಳುಗಿಸಿ. ಹಂಡೆಯ ಬಿಸಿನೀರಲ್ಲಿ, ಸೋಪು ಹಚ್ಚಿ, ಒರಟು ಬಟ್ಟೆಯಿಂದ ಉಜ್ಜಿ ಸ್ನಾನ ಮಾಡಿ. ಮೊಣಕಾಲ ಹಿಂಭಾಗ, ತೊಡೆಸಂದು, ಲಾಡಿ ಕಟ್ಟುವ ಜಾಗ, ಕಂಕುಳು, ಹೊಕ್ಕುಳು, ಎದೆಯ ಕೆಳಗೆ, ಕಿವಿಯ ಹಿಂದೆ, ಕೂದಲ ಅಂಚು ಬೆರಳಾಡಿಸಿ ನೋಡಿ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಬೆನ್ನನ್ನು ಮನೆಯವರು ನೋಡಲಿ.

ಕಚ್ಚಿಕೊಂಡದ್ದು ಸಿಕ್ಕರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಂತೆ, ಎಂದರೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆ ಹಿಡಿದು ಹಿಚುಕಿದರೆ ಒಳಗಿನದ್ದೆಲ್ಲ ನಮ್ಮೊಳಗೇ ಇಳಿಯುವ ಅಪಾಯ. ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ, ಸುಣ್ಣ ಹಚ್ಚುವುದು ಎಲ್ಲವೂ ಅದನ್ನು ಕೆರಳಿಸುತ್ತವೆ. ಉಗುರಿನ ಮಧ್ಯೆ ಇಟ್ಟು ಟಪ್ ಎನ್ನಿಸುವ ಸುಖ ನಮ್ಮವರಿಗೆ ಬಹಳ. ಅದನ್ನೂ ಬಿಡಿ, ಬೆರಳಲ್ಲಿ ಸಣ್ಣ ಗೀರು ಇಲ್ಲದ ಕೂಲಿಯವರು ಯಾರಿದ್ದಾರೆ? ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ, ಕಚ್ಚಿದ ಜಾಗ ಸೋಪಿನಿಂದ ತೊಳೆದು, ತಾರೀಕು ಬರೆದಿಡಿ. ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ಆ ತಾರೀಕೇ ಮಾತಾಡುತ್ತದೆ.

ಲಸಿಕೆ ಹಾಕಿಸಿಕೊಂಡರಾಯಿತಲ್ಲ ಎಂದು ಕೆಲವರು ಹೇಳಿಯಾರು. ಮೊದಲು ಹಾಕುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಗಿದೆ. ಹೊಸದನ್ನು ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಹಿಂದೆ ಎಂದೋ ಹಾಕಿಸಿಕೊಂಡ ಡೋಸುಗಳ ಬಲ ಈಗ ಉಳಿದಿಲ್ಲ ಎಂದೇ ತಿಳಿಯಿರಿ.

ಕೊನೆಯದಾಗಿ ನಿಮ್ಮ ಯಜಮಾನರು ಆವತ್ತು ತಂದ ದರಕು ಎಲ್ಲಿದೆ? ಅಂಗಳದ ಪಕ್ಕದಲ್ಲೋ ಕೊಟ್ಟಿಗೆಯ ಗೋಡೆಗೋ ರಾಶಿ ಹಾಕಿದ್ದರೆ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ, ಅದರ ಮೇಲೆ ಬಟ್ಟೆ ಒಣಗಿಸಬೇಡಿ. ಕಾಡಿಗೆ ಹೋಗದೆಯೇ ಕಾಯಿಲೆ ಬಿದ್ದ ಮನೆಗಳಲ್ಲಿ ಇಂಥ ರಾಶಿ ಹತ್ತಿರವೇ ಇದ್ದದ್ದು ಕಂಡಿದೆ. ಪಂಚಾಯಿತಿಗೋ ಆರೋಗ್ಯ ಸಹಾಯಕರಿಗೋ ಹೇಳಿದರೆ ಅದಕ್ಕೆ ಏನು ಸಿಂಪಡಿಸಬೇಕೆಂದು ಬಂದು ನೋಡುತ್ತಾರೆ. ನಾಯಿ ಅದರ ಮೇಲೆ ಮಲಗುತ್ತಿದ್ದರೆ ಅದನ್ನು ಹಾಸಿಗೆಯ ಹತ್ತಿರ ಸೇರಿಸಬೇಡಿ. ಕಾಡಿಗೆ ಮೇಯಲು ಹೋಗುವ ದನಕ್ಕೆ ಈ ವೈರಸ್ಸಿನಿಂದ ಕಾಯಿಲೆ ಬರದಿದ್ದರೂ ಅದು ಉಣುಗನ್ನು ಕೊಟ್ಟಿಗೆಗೆ ಹೊತ್ತು ತರುತ್ತದೆ. ಪಶುವೈದ್ಯರನ್ನು ಕರೆಸಿ ಉಣುಗಿನ ಔಷಧಿ ಹಾಕಿಸಿ. ಕರೆಯುವ ಹಸುವಾದರೆ ಔಷಧಿಯ ನಂತರ ಎಷ್ಟು ದಿನ ಹಾಲು ಬಳಸಬಾರದೆಂದು ಅವರನ್ನೇ ಕೇಳಿ. ಇದೆಲ್ಲ ನಾಳೆಯ ಕೆಲಸ. ಇವತ್ತು ಆಸ್ಪತ್ರೆಗೆ ಹೊರಡಿ, ಆ ಮಾತ್ರೆಯ ಹಾಳೆಯನ್ನೂ ಆಯುಷ್ಮಾನ್ ಕಾರ್ಡನ್ನೂ ಚೀಲಕ್ಕೆ ಹಾಕಿಕೊಳ್ಳಿ.